ವಿಷಯ: ಡಿಸೆಂಬರ್ 10ಕ್ಕೆ 60 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ

ನಮಸ್ಕಾರ ಸರ್,

60 ಮೂಟೆಯನ್ನೂ ಡಿಸೆಂಬರ್ 10ಕ್ಕೆ ಕೊಡಲು ಆಗುತ್ತದಾ ಅಂತ ನಿನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಲಿಲ್ಲ. ಕಣ ನೋಡಿ, ಲೆಕ್ಕ ಹಾಕಿ ಬರೆಯೋಣ ಅಂದುಕೊಂಡೆ. 60 ಮೂಟೆಯೂ ಡಿಸೆಂಬರ್ 10ಕ್ಕೆ ಆಗುವುದಿಲ್ಲ. ಆದರೆ 20 ಮೂಟೆ ಅದೇ ದಿನಕ್ಕೆ ಕೊಡುತ್ತೇನೆ.

ಮೂಟೆಗೆ 50 ಕೆಜಿಯಂತೆ 60 ಮೂಟೆ ಅಂದರೆ 3 ಟನ್. ಅದಕ್ಕೆ ಸುಮಾರು 15 ಟನ್ ಹಣ್ಣು ಬೇಕು. ಹಣ್ಣು ಗಿಡದಲ್ಲಿದೆ, ಕೊಯ್ಯುವವರೂ ಇದ್ದಾರೆ. ತೊಡಕು ಇರುವುದು ಕಣದಲ್ಲಿ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು, ಆಮೇಲೆ ತೊಳೆದು ಒಣಗಿಸಬೇಕು. ನಮ್ಮ ಕಣದಲ್ಲಿ ಒಂದು ಸಲಕ್ಕೆ 20 ಮೂಟೆಯಷ್ಟು ಮಾತ್ರ ಹರಡಬಹುದು. ಒಳ್ಳೆ ಬಿಸಿಲಿದ್ದರೆ ಎಂಟು-ಹತ್ತು ದಿನ ಹಿಡಿಯುತ್ತದೆ. ಈಗ ಬೆಳಿಗ್ಗೆ ಹತ್ತರವರೆಗೂ ಮಂಜು. ಮಧ್ಯೆ ಹುತ್ತರಿಗೆ ಎರಡು ದಿನ ಕೆಲಸ ನಿಲ್ಲುತ್ತದೆ.

ಕೆಜಿಗೆ ಜಾಸ್ತಿ ಕೊಡುತ್ತೇನೆ ಅಂದಿರಿ. ಅದು ಬೇಡ ಸರ್. ತೇವ 10 ಪರ್ಸೆಂಟ್‌ಗೆ ಇಳಿಯುವ ಮೊದಲೇ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಹುರಿದರೂ ಆ ವಾಸನೆ ಹೋಗುವುದಿಲ್ಲ. ಅಂಥ ಕಾಫಿಯನ್ನು ನಿಮಗೆ ಕಳಿಸಲು ನನಗೆ ಮನಸ್ಸಿಲ್ಲ.

ಅದಕ್ಕೆ ನನ್ನ ಕಡೆಯಿಂದ ಇದು. ಈಗ ಕಣದಲ್ಲಿರುವ 20 ಮೂಟೆ ಡಿಸೆಂಬರ್ 10ಕ್ಕೆ. ಮುಂದಿನ 20 ಡಿಸೆಂಬರ್ 22ಕ್ಕೆ. ಕೊನೆಯ 20 ಜನವರಿ 5ಕ್ಕೆ. ಹೊಸ ವರ್ಷದ ಪ್ಯಾಕೆಟ್‌ಗಳಿಗೆ 700 ಕೆಜಿ ಬೀಜ ಸಾಕು ಅಂತ ನೀವೇ ಹೇಳಿದ್ದಿರಿ, ಅಲ್ವಾ? ಮೊದಲ 20 ಮೂಟೆ ಪಾರ್ಚ್‌ಮೆಂಟ್‌ನ ಹೊಟ್ಟು ತೆಗೆದರೆ ಹೆಚ್ಚುಕಡಿಮೆ 800 ಕೆಜಿ ಸಿಗುತ್ತದೆ. ಅಲ್ಲಿಗೆ ಅವಸರದ ಕೆಲಸ ಮುಗಿಯುತ್ತದೆ. ಉಳಿದದ್ದು ಜನವರಿಯ ಮಾಲು ತಾನೆ. ಪ್ರತಿ ಸಲವೂ ಲೋಡ್ ಮಾಡುವ ಮೊದಲು ನಿಮ್ಮವರು ಬಂದು ಮೀಟರ್ ಇಟ್ಟು ನೋಡಲಿ. 10 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಲಾರಿ ಹತ್ತಿಸುವುದು ಬೇಡ.

ಇನ್ನೂ ಬೇಗ ಬೇಕೇ ಬೇಕು ಅಂದರೆ ಒಂದು ದಾರಿ ಇದೆ. ತಂತಿ ಬಲೆಯ ಮಂಚ ಹಾಕಿಸಿದರೆ ಒಣಗಿಸುವ ಜಾಗ ಹೆಚ್ಚುತ್ತದೆ. ಕೊನೆಯ 20 ಮೂಟೆಯನ್ನು ಡಿಸೆಂಬರ್ 29ಕ್ಕೆ ಕೊಡಬಹುದು. ಮಂಚದ ಅರ್ಧ ಖರ್ಚು ನೀವು ಹಾಕಬೇಕಾಗುತ್ತದೆ, ಅದನ್ನು ಕೊನೆಯ ಬಿಲ್ಲಿನಲ್ಲಿ ಮುರಿದುಕೊಳ್ಳಿ. ಬರೀ ನೆಲಕ್ಕೆ ಟಾರ್ಪಾಲ್ ಹಾಸಿ ಒಣಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ರಾತ್ರಿ ಅಡಿಯಿಂದ ತೇವ ಏಳುತ್ತದೆ.

ಮಳೆ ಬಂದರೆ ಎರಡನೇ ಲೋಡು ಎರಡು ಮೂರು ದಿನ ಹಿಂದೆ ಮುಂದೆ ಆಗಬಹುದು. ಅಂಥ ಸೂಚನೆ ಕಂಡ ದಿನವೇ ಫೋನ್ ಮಾಡುತ್ತೇನೆ, ಕೊನೇ ಗಳಿಗೆವರೆಗೆ ಕಾಯಿಸುವುದಿಲ್ಲ.

ಶುಕ್ರವಾರ ಸಂಜೆಯೊಳಗೆ ಒಂದು ಮಾತು ತಿಳಿಸಿ. ಮಂಚ ಬೇಕು ಅಂದರೆ ಶನಿವಾರ ಕುಶಾಲನಗರಕ್ಕೆ ಹೋದಾಗಲೇ ಬಲೆ ತರುತ್ತೇನೆ.

ಇಂತಿ,
ತೋಟದ ಮ್ಯಾನೇಜರ್,
ಸುಂಟಿಕೊಪ್ಪ