ಎಂಟು ಗಂಟೆಯ ಫೋನು

ನವೆಂಬರ್ ಮುಗಿಯುವ ಹೊತ್ತಿಗೆ ಮೇಘಾ ಫೋನ್ ಮಾಡುವ ಸಮಯ ಬದಲಾಯಿತು.

ಆಗಸ್ಟ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದಳು. ಅಲ್ಲಿ ಟ್ರಕ್ಕುಗಳ ಬ್ಯಾಟರಿ ಟೆಸ್ಟ್ ಮಾಡುವ ಕೆಲಸ. ಮೊದಮೊದಲು ಆಫೀಸ್ ಮುಗಿಸಿ, ಅಡುಗೆ ಮಾಡಿಕೊಂಡು, ಆರಾಮವಾಗಿ ಕೂತು ಫೋನ್ ಮಾಡುತ್ತಿದ್ದಳು. ನಮಗೆ ಆಗ ಹನ್ನೊಂದು ದಾಟಿರುತ್ತಿತ್ತು. ಈಗ ಎಂಟಕ್ಕೇ ರಿಂಗ್ ಆಗತೊಡಗಿತು. ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ಸುಧಾ ರೊಟ್ಟಿ ಬಡಿಯುವ ಹೊತ್ತು.

"ಯಾಕವಾ, ಆಫೀಸ್ ಇಲ್ಲೇನು ಇವತ್ತ?"

"ಅದ ಅಪ್ಪಾ. ಫಿಕಾ ಬ್ರೇಕ್ ನಡದದ. ಸುಮ್ನ ಮಾಡಿದೆ."

ಫಿಕಾ ಅಂದರೆ ಅಲ್ಲಿಯವರು ಎಲ್ಲರೂ ಕೂಡಿ ಕಾಫಿ ಕುಡಿಯುವ ಹೊತ್ತು. ಎಲ್ಲರೂ ಕೂಡಿ ಕುಡಿಯುವಾಗ ಇವಳೊಬ್ಬಳೇ ಯಾಕೆ ಫೋನ್ ಹಿಡಿದುಕೊಂಡು ಹೊರಗೆ ಬರುತ್ತಾಳೆ ಅಂತ ನನಗೆ ಆಗಲೇ ಅನ್ನಿಸಬೇಕಿತ್ತು. ವಿಡಿಯೋ ಕಾಲ್ ಮಾಡಿದರೂ ಮುಖ ಕಾಣಿಸುತ್ತಿರಲಿಲ್ಲ. ಒಂದು ಕಾಫಿ ಕಪ್, ಅದರ ಪಕ್ಕ ಕಿಟಕಿಯ ಮೂಲೆ, ಅಷ್ಟೇ.

"ಥಂಡಿ ಹೆಂಗದ?"

"ಮಸ್ತ್ ಅದ ಅಪ್ಪಾ. ಸ್ನೋ ಏನ್ ಜಾಸ್ತಿ ಇಲ್ಲ, ಬರೇ ಮಳಿ. ಬಟ್ ಮಸ್ತ್ ಅದ. ರೂಮಿನ್ಯಾಗ ಹೀಟಿಂಗ್ ಅದ, ಸೋ ಏನೂ ಟೆನ್ಷನ್ ನಾಹಿ. ಎಲ್ಲಾ ಮಸ್ತ್."

ನನ್ನ ಮಗಳು ಒಂದೇ ಉಸಿರಲ್ಲಿ ಮೂರು ಸಲ ಮಸ್ತ್ ಅಂದರೆ ಏನೋ ಸರಿಯಿಲ್ಲ ಅಂತಲೇ ಅರ್ಥ. ಹತ್ತನೇ ಕ್ಲಾಸಿನಲ್ಲಿ ಗಣಿತದ ಪೇಪರ್ ಕೆಟ್ಟಾಗಲೂ ಹೀಗೇ ಅಂದಿದ್ದಳು.

ಡಿಸೆಂಬರ್ ಎರಡನೇ ವಾರ ಒಂದು ದಿನ ನನ್ನ ಫೋನಿನಲ್ಲಿ ಅವಳ ಊರಿನ ಹವಾಮಾನ ನೋಡುತ್ತಿದ್ದೆ. ದಿನಾ ನೋಡುವುದು ರೂಢಿಯಾಗಿತ್ತು. ಪುಣೆಯ ಕೆಳಗೆ ಗೋಥೆನ್‌ಬರ್ಗ್. ಡಿಗ್ರಿ ನೋಡಿ ಮುಚ್ಚಿಬಿಡುತ್ತಿದ್ದೆ. ಅವತ್ತು ಸ್ವಲ್ಪ ಕೆಳಗೆ ಸರಿಸಿದೆ. ಸೂರ್ಯಾಸ್ತ 3:22 ಅಂತ ಇತ್ತು. ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಬೆರಳಲ್ಲಿ ಲೆಕ್ಕ ಹಾಕಿದೆ. ಏಳು ಐವತ್ತೆರಡು.

ಅಲ್ಲಿ ಕತ್ತಲಾದ ಕೂಡಲೇ ಅವಳು ನಮಗೆ ಫೋನ್ ಮಾಡುತ್ತಿದ್ದಳು.

ಸುಧಾಗೆ ಹೇಳಿದೆ. ಅವಳು ಗ್ಯಾಸ್ ಸಣ್ಣ ಮಾಡಿದಳು. "ಸಂಜಿಮುಂದ ಮಾತಾಡ್ಲಿಕ್ಕೆ ಯಾರೂ ಇಲ್ಲ ಕೂಸಿಗೆ" ಅಂದಳು.

ಆ ದಿನ ಫೋನ್ ಬಂದಾಗ ನಾನು ಅವಳನ್ನು ಏನೂ ಕೇಳಲಿಲ್ಲ. ನನ್ನದೇ ಹೇಳಿದೆ. 1988ರಲ್ಲಿ ಧಾರವಾಡ ಬಿಟ್ಟು ಪುಣೆಗೆ ಬಂದಾಗ ನನಗೆ ಇಪ್ಪತ್ತೆರಡು. ಪಿಂಪ್ರಿಯಲ್ಲಿ ಕೆಲಸ, ಒಂದು ಖೋಲಿಯಲ್ಲಿ ಮೂವರು. ಊರು ಒಂದು ರಾತ್ರಿಯ ದಾರಿ ಅಷ್ಟೇ. ಆದರೂ ಆ ಚಳಿಗಾಲದಲ್ಲಿ ಎದೆ ಭಾರವಾಗಿ ಹೋಗಿತ್ತು. ಮರಾಠಿ ಬರುತ್ತಿರಲಿಲ್ಲ, ಕೆಲಸದಲ್ಲಿ ಬಾಯಿ ಬಿಡಲು ನಾಚಿಕೆ. ರವಿವಾರ ರಾತ್ರಿ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಎಲ್ಲಿಗೂ ಹೋಗುವುದಕ್ಕಲ್ಲ. ಕರ್ನಾಟಕದ ಕೆಂಪು ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಕೂಗುತ್ತಿದ್ದ, "ಬೆಳಗಾವಿ, ಧಾರವಾಡ, ಹುಬ್ಳಿ, ಹತ್ರೀ ಹತ್ರೀ!" ಅದನ್ನು ಕೇಳಿಕೊಂಡು ಒಂದು ಚಹಾ ಕುಡಿಯುತ್ತಿದ್ದೆ. ಬಸ್ಸು ಹೊರಟ ಮೇಲೆ ಖೋಲಿಗೆ ವಾಪಸ್. ಒಂದು ಸಲ ಒಬ್ಬ ಕಂಡಕ್ಟರ್, "ಏನ್ರೀ, ಪ್ರತಿ ವಾರ ಬರ್ತೀರಿ, ಹತ್ತೂದs ಇಲ್ಲ" ಅಂದಿದ್ದ.

ಇದನ್ನು ಸುಧಾಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ರೊಟ್ಟಿ ಹಿಟ್ಟಿನ ಕೈಯಲ್ಲೇ ಅವಳು ಬಾಗಿಲಿಗೆ ಬಂದು ನಿಂತಿದ್ದಳು.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೇಘಾ ಅಂದಳು, "ಅಪ್ಪಾ, ಇಲ್ಲಿ ಸ್ವಾರಗೇಟ್ ಇಲ್ಲ."

ಅಳು ಬಂತು ಅವಳಿಗೆ. ಅತ್ತಳು. ಮುಖ ತೋರಿಸಿಯೇ ಅತ್ತಳು.

"ಎವ್ರಿಬಡಿ ಈಸ್ ಸೋ ನೈಸ್ ಅಪ್ಪಾ, ಯಾರದೂ ತಪ್ಪಿಲ್ಲ. ಆದ್ರ ಮುಂಜಾನೆ ಆಫೀಸಿಗೆ ಹೋಗೂವಾಗ ಕತ್ತಲಿ, ಬರೂವಾಗ ಕತ್ತಲಿ. ಎಲ್ಲಾರ ಕಿಟಕ್ಯಾಗೂ ಸ್ಟಾರ್ ಹಚ್ಚ್ಯಾರ, ಕ್ಯಾಂಡಲ್ ಲೈಟ್ ಇಟ್ಟಾರ. ಎಷ್ಟ್ ಛಂದ ಕಾಣ್ತದ. ಟ್ರಾಮ್‌ನಿಂದ ಅದನ್ನ ನೋಡಿದ್ರs ನಂಗ ಅಳು ಬರ್ತದ. ಇಟ್ಸ್ ಸೋ ಸ್ಟುಪಿಡ್, ನಾ?"

"ಸ್ಟುಪಿಡ್ ಏನಲ್ಲ" ಅಂದೆ.

ಅವತ್ತಿನಿಂದ ಎಂಟು ಗಂಟೆಯ ಫೋನಿನಲ್ಲಿ ಮಾತಾಡಲೇಬೇಕು ಅನ್ನುವುದನ್ನು ಬಿಟ್ಟೆವು. ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಡುವುದು. ಕುಕ್ಕರ್ ಸೀಟಿ ಹೊಡೆಯುತ್ತದೆ, ಕೆಳಗೆ ಯಾರೋ ಸ್ಕೂಟರ್ ಹಾರ್ನ್ ಒತ್ತುತ್ತಾರೆ, ಸುಧಾ ರೊಟ್ಟಿ ಬಡಿಯುತ್ತಾಳೆ. ಆ ಸದ್ದಿನಲ್ಲಿ ಕಾಲು ಗಂಟೆ ಇದ್ದು ಅವಳು ಕೆಲಸಕ್ಕೆ ಮರಳುತ್ತಿದ್ದಳು. ಒಂದು ದಿನ ತನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆ ಹೇಳಿದಳು, "ಭಾಳ ಥಂಡಿ ಇದ್ರ ಬ್ಯಾಟರಿ ಸರಿಯಾಗಿ ಚಾರ್ಜ್ ತಗೊಳ್ಳೂದಿಲ್ಲ ಅಪ್ಪಾ. ಫೋರ್ಸ್ ಮಾಡಿದ್ರ ಒಳಗ ಡ್ಯಾಮೇಜ್ ಆಗ್ತದ. ಮೊದಲ ಹಳೂಕ ವಾರ್ಮ್ ಮಾಡ್ಬೇಕು." ಆ ಮಾತು ಎಷ್ಟೋ ದಿನ ನನ್ನ ತಲೆಯಲ್ಲಿ ಉಳಿಯಿತು.

ಜನವರಿ ಬಂತು. ಸುಧಾ ಪ್ರತಿ ವರ್ಷ ಸಂಕ್ರಾಂತಿಗೆ ಕುಸುರೆಳ್ಳು ಮನೆಯಲ್ಲೇ ಮಾಡುತ್ತಾಳೆ. ಲಕ್ಷ್ಮೀ ರೋಡಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅವಳು ಕೇಳುವುದಿಲ್ಲ. ನನಗೂ ಮನೆಯದೇ ಬೇಕು. ನಸುಕಿನಲ್ಲಿ, ಪುಣೆಯ ಚಳಿ ಚುರುಕಾಗಿರುವಾಗ ಕೂರುತ್ತಾಳೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಎಳ್ಳು. ಅದರ ಮೇಲೆ ಅರ್ಧ ಚಮಚ ಸಕ್ಕರೆ ಪಾಕ. ಬೆರಳ ತುದಿಯಲ್ಲಿ ಆಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಮತ್ತೆ ಅರ್ಧ ಚಮಚ. ಗಂಟೆಗಟ್ಟಲೆ ಹೀಗೆ. ಮೊದಲು ಎಳ್ಳು ಬರೀ ಬೆಳ್ಳಗಾಗುತ್ತದೆ. ಆಮೇಲೆ ಯಾವಾಗಲೋ ಒಂದೊಂದು ಕಾಳಿಗೂ ಸುತ್ತ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಸೆಕೆಯಲ್ಲಿ ಅವು ಏಳುವುದಿಲ್ಲ.

"ಈ ಸಲ ನೀನೂ ಮಾಡು" ಅಂದಳು ಮಗಳಿಗೆ. "ನಿನ್ನ ಹತ್ರ ಇದ್ದಷ್ಟ್ ಥಂಡಿ ನನ್ನ ಹತ್ರ ಎಲ್ಲದ?"

ಆ ರವಿವಾರ ಸುಧಾ ನಸುಕನ್ನು ಬಿಟ್ಟು ರಾತ್ರಿ ಎಂಟಕ್ಕೆ ಕೂತಳು. ಅಲ್ಲಿ ಮೇಘಾ ಇಂಡಿಯನ್ ಸ್ಟೋರಿನಿಂದ ಬಿಳಿ ಎಳ್ಳು ತಂದಿದ್ದಳು. ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆವು. ಅವಳೂ ನಿಲ್ಲಿಸಿದಳು.

"ಆಯಿ, ಪಾಕ ಓಕೆ ಅದ ಏನು? ನೋಡು."

"ಒಂದೆಳಿ ಬಂತೇನು? ಎರಡು ಬಟ್ಟಿನ್ಯಾಗ ಹಿಡದು ನೋಡು. ಬಂತಲ್ಲಾ, ಸಾಕು. ಉರಿ ಸಣ್ಣ ಮಾಡು."

"ಇಲ್ಲಿ ಉರಿ ಇಲ್ಲ ಆಯಿ, ಇಂಡಕ್ಷನ್. ಟೂ ಮೇಲೆ ಇಡ್ಲಾ?"

"ಒಂದರ ಮ್ಯಾಲ ಇಡು. ಕಿಟಕಿ ಸ್ವಲ್ಪ ತಗೀ. ಗಡಿಬಿಡಿ ಮಾಡಬ್ಯಾಡ."

ಕಿಟಕಿ ತೆಗೆದಳು. ಹೊರಗೆ ಕತ್ತಲಾಗುತ್ತಿತ್ತು. ಎದುರು ಮನೆಯ ನಕ್ಷತ್ರ ದೀಪ ಕಾಣುತ್ತಿತ್ತು. ಮೇಘಾ ಅದರ ಕಡೆ ನೋಡಲಿಲ್ಲ, ಪಾತ್ರೆ ನೋಡುತ್ತಿದ್ದಳು. ಅರ್ಧ ಚಮಚ. ಬೆರಳು. ಮತ್ತೆ ಅರ್ಧ ಚಮಚ. "ಶೀ, ಅಂಟಿಕೊಂಡ್ತು." "ಬಿಡಿಸು, ಬಿಡ್ತದ." ಒಂಬತ್ತಾಯಿತು, ಒಂಬತ್ತೂವರೆ ಆಯಿತು. ತಾಯಿ ಮಗಳು ಇಬ್ಬರೂ ಮಾತು ಬಿಟ್ಟಿದ್ದರು. ಎರಡು ಪಾತ್ರೆಗಳಲ್ಲಿ ಎಳ್ಳು ಉರುಳುವ ಸರಸರ ಸದ್ದು ಮಾತ್ರ.

ಹತ್ತರ ಸುಮಾರಿಗೆ ಮೇಘಾ ನಾಲ್ಕು ಕಾಳು ಅಂಗೈಯಲ್ಲಿಟ್ಟು ಕ್ಯಾಮೆರಾ ಹತ್ತಿರ ತಂದಳು.

"ಆಯಿ, ಇದು ಕುಸುರಿ ಹೌದಲ್ಲ? ಇದು ಬಂದದಲ್ಲ?"

ಸುಧಾ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ಬರ್ಲಿಕತ್ತದ. ಕೈ ನಿಲ್ಲಸಬ್ಯಾಡ."

ನಮ್ಮ ಫೋನಿನ ಬ್ಯಾಟರಿ ಕೆಂಪಾಗಿತ್ತು. ಎದ್ದು ಹೋಗಿ ಚಾರ್ಜರ್ ತಂದು ಹಚ್ಚಿದೆ.