ಮೂವರು ವಿಲನ್‌ಗಳು: ನೆರಳಲ್ಲೇ ಗುರುತು ಸಿಗಬೇಕು

ಅಕ್ಕಾ, ನಮ್ಮ ಕಾಮಿಕ್ಸ್‌ನ ಮೂವರು ವಿಲನ್‌ಗಳ ಪ್ರಾಂಪ್ಟ್ ಇಲ್ಲಿವೆ. ಕೊಂಬು, ಕೆಂಪು ಕಣ್ಣು, ಕೆನ್ನೆಯ ಮೇಲೆ ಗಾಯದ ಗುರುತು ಯಾವುದೂ ಬೇಡ. ಕೊಡಗಿನಲ್ಲಿ ದಿನಾ ಕಾಣುವ ಉಡುಗೆಯೇ ಇರಲಿ, ಅದರಲ್ಲಿ ಒಂದೇ ಒಂದು ಎಡವಟ್ಟು ಇರಲಿ.

ಮೊದಲು ಪ್ರತಿಯೊಬ್ಬರನ್ನೂ ಪೂರ್ತಿ ಕಪ್ಪು ಬಳಿದು, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಬರೆಯಿರಿ. ಆಗಲೂ ಯಾರು ಅಂತ ಗೊತ್ತಾದರೆ ಮಾತ್ರ ಕಣ್ಣು ಮೂಗಿಗೆ ಹೋಗೋಣ. ನಮ್ಮ ಕಥೆಯ ಹುಡುಗಿಯ ಆಕಾರ ಚೌಕ ಅಲ್ವಾ? ಚೌಕದ ಸ್ಕೂಲ್ ಬ್ಯಾಗ್, ಮೊಣಕಾಲಿನ ತನಕ ದೊಗಲೆ ರೇನ್‌ಕೋಟ್. ಹಾಗಾಗಿ ಇವರು ಯಾರೂ ಚೌಕ ಆಗಬಾರದು.

ಪ್ರಾಂಪ್ಟ್ 1: ಛತ್ರಿ ಮೇಸ್ತ್ರಿ

ಐವತ್ತು ದಾಟಿದ ಎಸ್ಟೇಟ್ ಮೇಸ್ತ್ರಿ. ಕಡ್ಡಿಯಂಥ ಮೈ, ಹುಡುಗಿಯ ಎರಡರಷ್ಟು ಎತ್ತರ. ಆಕಾರ: ಉದ್ದನೆಯ, ಚೂಪಾದ ತ್ರಿಕೋನ, ತುದಿ ಕೆಳಗೆ. ಭುಜ ಅಗಲ, ಗಮ್ ಬೂಟಿನ ಹತ್ತಿರ ಬರುವಾಗ ಗೂಟದಷ್ಟು ಸಪೂರ. ಮಡಚಿದ ಕಪ್ಪು ಛತ್ರಿಯ ಹಿಡಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡಿದ್ದಾನೆ. ನಮ್ಮಲ್ಲಿ ಎಷ್ಟು ಜನ ಹಾಗೆ ನಡೆಯುತ್ತಾರೆ! ಆದರೆ ಕಪ್ಪು ಬಳಿದಾಗ ಕುತ್ತಿಗೆಯ ಹಿಂದೆ ಒಂದು ಕೊಕ್ಕೆ, ಬೆನ್ನ ಕೆಳಗೆ ಒಂದು ಬಾಲ. ತೋಳು ಮತ್ತು ಸೊಂಟದ ನಡುವೆ ಬೆಳಕು ಕಾಣುವ ಹಾಗೆ ಕೈ ದೂರ ಇಡಿ. ಮೈಗೆ ಅಂಟಿದರೆ ನೆರಳು ಬರೀ ದಿಮ್ಮಿ ಆಗುತ್ತದೆ.

ಎಡವಟ್ಟು: ಜೋರು ಮಳೆ, ಕೆಲಸದವರೆಲ್ಲ ನೆನೆಯುತ್ತಿದ್ದಾರೆ, ಇವನೂ ನೆನೆಯುತ್ತಿದ್ದಾನೆ, ಆದರೂ ಛತ್ರಿ ಬಿಚ್ಚಿಲ್ಲ. ಹಿನ್ನೆಲೆ: ಜುಲೈ ತಿಂಗಳ ಮಂಜು, ಸಾಲಾಗಿ ನಿಂತ ಸಿಲ್ವರ್ ಓಕ್ ಕಾಂಡಗಳು. ಅವುಗಳ ನಡುವೆ ಇವನೂ ಒಂದು ಕಾಂಡ ಅನ್ನಿಸಬೇಕು. ಕೊಕ್ಕೆ ಕಂಡಾಗಲೇ ಓದುವವರಿಗೆ ಧಸಕ್ಕೆನ್ನಬೇಕು.

ಪ್ರಾಂಪ್ಟ್ 2: ಅಡವಿನಜ್ಜಿ

ನನಗೆ ಜಾಸ್ತಿ ಇಷ್ಟದವಳು ಇವಳೇ, ಸಮಯವನ್ನೂ ಇವಳಿಗೇ ಜಾಸ್ತಿ ಕೊಡಿ. ಎಪ್ಪತ್ತರ ಅಜ್ಜಿ, ಒಡವೆ ಅಡವಿಟ್ಟುಕೊಂಡು ಸಾಲ ಕೊಡುವವಳು. ಆಕಾರ: ಬರೀ ವೃತ್ತ. ದುಂಡು ಮುಖ, ದುಂಡು ಕೆನ್ನೆ, ದುಂಡು ಹೊಟ್ಟೆ, ಪಕ್ಕದಲ್ಲಿ ಅಕ್ಕಿಯ ಉಂಡೆ ಕಡಂಬುಟ್ಟಿನ ಪಾತ್ರೆಯೂ ದುಂಡು. ವೃತ್ತ ಅಂದರೆ ಅಕ್ಕರೆ ಅಂತ ಮಕ್ಕಳಿಗೂ ಗೊತ್ತು. ಆ ನಂಬಿಕೆಯನ್ನೇ ಇವಳು ಬಳಸಿಕೊಳ್ಳುತ್ತಾಳೆ.

ಕೊಡವ ಸೀರೆ, ನೆರಿಗೆ ಹಿಂದೆ, ಸೆರಗು ಬಲ ಭುಜಕ್ಕೆ ಪಿನ್. ತಲೆಗೆ ವಸ್ತ್ರ. ಅದರ ಗಂಟಿನ ತುದಿ ಬೆನ್ನ ಮೇಲೆ ಇಳಿಯುವಲ್ಲಿ ಇವಳ ಇಡೀ ಮೈಯ ಏಕೈಕ ತ್ರಿಕೋನ. ಎದುರಿನಿಂದ ಬರೆದರೆ ಅದು ಕಾಣುವುದೇ ಇಲ್ಲ. ಪಕ್ಕಕ್ಕೆ ತಿರುಗಿದಾಗ ಮಾತ್ರ ಕಾಣಲಿ. ಹಾಗಾಗಿ ಎರಡೂ ನೋಟ ಬೇಕು.

ಎಡವಟ್ಟು ಕೊರಳಲ್ಲಿದೆ. ಕೊಡವ ಹೆಂಗಸರ ಅರ್ಧಚಂದ್ರ ಪದಕದ ಸರ ಕೊಕ್ಕೆತಾತಿ, ಅದೂ ಒಂದಲ್ಲ, ಮೂರು. ಒಂದರ ಮೇಲೊಂದು ಮೂರು ಅರ್ಧಚಂದ್ರ. ಒಂದು ಹಳೆಯದು, ಮಾಸಿದೆ. ಒಂದು ತೀರಾ ಚಿಕ್ಕದು. ಇನ್ನೊಂದರ ಕಲ್ಲು ಉದುರಿದೆ. ಮೂರೂ ಬೇರೆ ಬೇರೆ ಮನೆಯವು ಅಂತ ಹೇಳುವ ಅಗತ್ಯವೇ ಬರಬಾರದು. ನಮ್ಮೂರಿನ ಹೆಂಗಸರು ಈ ಚಿತ್ರ ನೋಡಿದ ಕ್ಷಣ "ಅಯ್ಯೋ, ಇದು ಇವಳದ್ದಲ್ಲ" ಅನ್ನಬೇಕು. ಹೊರಗಿನವರಿಗೂ ಒಂದೇ ಕೊರಳಿಗೆ ಇಷ್ಟೊಂದು ಯಾಕೆ ಅನ್ನಿಸಿದರೆ ಸಾಕು. ಸೀರೆ ಮಂಕು ಬೂದು ಬಣ್ಣದ್ದಿರಲಿ, ಚಿನ್ನ ಒಂದೇ ಹೊಳೆಯಲಿ. ಬೇರೆಲ್ಲೂ ಹಳದಿ ಬಳಸಬೇಡಿ.

ನಗು ಮಾತ್ರ ನಿಜವಾದ ನಗುವೇ ಇರಲಿ. ದಯವಿಟ್ಟು ಹುಬ್ಬು ಗಂಟಿಕ್ಕಬೇಡಿ.

ಪ್ರಾಂಪ್ಟ್ 3: ಬಾಡಿಗೆ ಕುಪ್ಯದ ಮಾವ

ಬೆಂಗಳೂರಿನಿಂದ ಬಂದು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಪಾಲು ಕೇಳುವವನು, ನಲವತ್ತೈದು ವಯಸ್ಸು. ಸುಗ್ಗಿ ಹಬ್ಬ ಪುತ್ತರಿಯ ದಿನ, ಕೊಡವ ಗಂಡಸರ ಕಪ್ಪು ನಿಲುವಂಗಿ ಕುಪ್ಯ ಹಾಕಿ ಬರುತ್ತಾನೆ. ಇಲ್ಲಿ ಒಂದು ಎಚ್ಚರ: ಕುಪ್ಯ ಕೆಟ್ಟವರ ಯೂನಿಫಾರ್ಮ್ ಅನ್ನಿಸಬಾರದು. ಅದೇ ಚೌಕಟ್ಟಿನಲ್ಲಿ ಸರಿಯಾಗಿ ಕುಪ್ಯ ತೊಟ್ಟ ಹಿರಿಯರು ಇಬ್ಬರಾದರೂ ಇರಲಿ.

ಆಕಾರ: ಮುರುಕು ಗೆರೆಗಳು, ಅಂಕುಡೊಂಕು. ಕುಪ್ಯ ಒಂದು ಸೈಜ್ ದೊಡ್ಡದು, ಪೆಟ್ಟಿಗೆಯಲ್ಲಿ ಮಡಚಿಟ್ಟ ಗೆರೆ ಇನ್ನೂ ಹೋಗಿಲ್ಲ. ಸೊಂಟಕ್ಕೆ ಸುತ್ತುವ ಚೇಲೆ ಸಡಿಲ, ಒಂದು ತುದಿ ಜೋತಾಡುತ್ತಿದೆ. ಎಡವಟ್ಟು: ಚಿಕ್ಕ ಅಲಂಕಾರದ ಕತ್ತಿ ಪೀಚೆಕತ್ತಿ ಮುಂದೆ ಇರಬೇಕು, ಇವನದು ಬೆನ್ನ ಹಿಂದೆ, ಅಗಲ ಅಲಗಿನ ಒಡಿಕತ್ತಿಯ ಜಾಗದಲ್ಲಿ. ನೆರಳಲ್ಲಿ ಹಿಡಿ ಹೊರಗೆ ಚಾಚಿರಲಿ. ಅದೊಂದೇ ಸಾಕು, ಬೇರೆ ಅಲಂಕಾರ ಬೇಡ.

ಒಬ್ಬೊಬ್ಬರಿಗೆ ಒಂಬತ್ತು ಕಪ್ಪು ನೆರಳು ಬರೆದು ಕಳಿಸಿ. ಮನೆಯವರಿಗೆಲ್ಲ ತೋರಿಸಿ, ಎರಡೇ ಸೆಕೆಂಡಿನಲ್ಲಿ ಮುಚ್ಚಿ, ಏನು ಕಂಡಿತು ಅಂತ ಕೇಳುತ್ತೇನೆ. ಆಮೇಲೆ ಹುಡುಗಿಯ ಜೊತೆ ನಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದು ಹಾಳೆ. ಅಜ್ಜಿ ಅವಳ ಪಕ್ಕದಲ್ಲೇ ಇರಲಿ, ಕೈ ಹಿಡಿದುಕೊಂಡು.