ವಿಷಯ: ಅಂತಿಮ ಪರೀಕ್ಷೆಯ ಅಧ್ಯಯನ ಯೋಜನೆಯ ಕರಡು – ತಮ್ಮ ಅಭಿಪ್ರಾಯ ಕೋರಿ

ಮಾನ್ಯ ಮೇಡಂ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು. ನಾನು ದ್ವಿತೀಯ ವರ್ಷದ ರಸಾಯನಶಾಸ್ತ್ರ ತರಗತಿಯ ವಿದ್ಯಾರ್ಥಿನಿ ಸುಮಾ. ಅಂತಿಮ ಪರೀಕ್ಷೆಗೆ ಇನ್ನು ಹತ್ತು ವಾರಗಳಿರುವುದರಿಂದ ಅಧ್ಯಯನ ಯೋಜನೆಯೊಂದರ ಕರಡನ್ನು ಸಿದ್ಧಪಡಿಸಿ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಎರಡು ಪುಟಗಳಷ್ಟೇ ಇದೆ. ತಾವು ಬಿಡುವಾದಾಗ ಅದನ್ನು ಓದಿ, ತಿದ್ದಬೇಕಾದುದನ್ನು ತಿಳಿಸಬೇಕೆಂದು ವಿನಂತಿ.

ವಾರದ ಐದು ದಿನ ಎರಡೆರಡು ಗಂಟೆ, ಶನಿವಾರ ನಾಲ್ಕು ಗಂಟೆ ಎಂದರೆ ವಾರಕ್ಕೆ 14 ಗಂಟೆ, ಒಟ್ಟು 140 ಗಂಟೆ ನನ್ನ ಕೈಯಲ್ಲಿದೆ. ಅದರಲ್ಲಿ ಸಾವಯವ ರಸಾಯನಶಾಸ್ತ್ರಕ್ಕೆ 60, ಭೌತ ರಸಾಯನಶಾಸ್ತ್ರಕ್ಕೆ 45, ನಿರವಯವಕ್ಕೆ 25 ಮತ್ತು ಹಳೆಯ ಪ್ರಶ್ನೆಪತ್ರಿಕೆಗಳಿಗೆ 10 ಗಂಟೆ ಇಟ್ಟಿದ್ದೇನೆ. ಈ ಹಂಚಿಕೆಯ ಬಗ್ಗೆಯೇ ನನಗೆ ಹೆಚ್ಚು ಅನುಮಾನವಿದೆ. ಎಸ್‌ಎನ್1 ಮತ್ತು ಎಸ್‌ಎನ್2 ಕ್ರಿಯೆಗಳ ಬಾಣಗಳನ್ನು ಬಿಡಿಸುತ್ತಾ ಕುಳಿತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಹಾಗಾಗಿ ಅಗತ್ಯಕ್ಕಿಂತ ಇಷ್ಟವೇ ಈ 60 ಗಂಟೆಗಳನ್ನು ತೀರ್ಮಾನಿಸಿತೇನೋ ಎಂದು ಕರಡನ್ನು ಮತ್ತೊಮ್ಮೆ ಓದಿದಾಗ ಅನ್ನಿಸಿತು.

ಹಾಗೆ ಅನ್ನಿಸಲು ಕಾರಣ ಕಳೆದ ಕಿರುಪರೀಕ್ಷೆ. ಮುಖ್ಯವಾಗಿ ನಾನು ಅಂಕ ಕಳೆದುಕೊಂಡದ್ದು ಥರ್ಮೋಡೈನಾಮಿಕ್ಸ್‌ನಲ್ಲಿ. ನೀರಿನ ಕುದಿಬಿಂದುವನ್ನು ಅಂದಾಜಿಸುವ ಪ್ರಶ್ನೆಯಲ್ಲಿ ΔG = ΔH − TΔS ಎಂಬ ಸೂತ್ರವನ್ನು ಸರಿಯಾಗಿಯೇ ಬರೆದಿದ್ದೆ, ಸಮತೋಲನದಲ್ಲಿ ΔG ಸೊನ್ನೆ ಎಂಬುದನ್ನೂ ನಮೂದಿಸಿದ್ದೆ. ಆದರೆ ΔH ಕಿಲೋಜೂಲ್‌ನಲ್ಲಿಯೂ ΔS ಜೂಲ್‌ನಲ್ಲಿಯೂ ಇರುವುದನ್ನು ಗಮನಿಸದೆ 40.7ನ್ನು ನೇರವಾಗಿ 109ರಿಂದ ಭಾಗಿಸಿ, ಉತ್ತರ 0.37 ಕೆಲ್ವಿನ್ ಎಂದು ಬರೆದು ಅಡಿಗೆರೆಯನ್ನೂ ಎಳೆದು ಬಂದಿದ್ದೆ. 373 ಬರಬೇಕಾದಲ್ಲಿ ಅದು ಬಂದಾಗ ಒಂದು ಕ್ಷಣವೂ ಸಂಶಯ ಬರಲಿಲ್ಲವಲ್ಲ ಎಂಬುದು ಅಂಕ ಹೋದದ್ದಕ್ಕಿಂತ ಹೆಚ್ಚು ಬೇಸರ ತಂದಿತು. ಇಂಥ ತಪ್ಪನ್ನು ಪಾಠವನ್ನು ಮತ್ತೆ ಮತ್ತೆ ಓದಿ ಸರಿಪಡಿಸಿಕೊಳ್ಳಲಾಗದು, ಲೆಕ್ಕ ಬಿಡಿಸಿಯೇ ಸರಿಪಡಿಸಿಕೊಳ್ಳಬೇಕು ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಸಾವಯವದಿಂದ 15 ಗಂಟೆ ತೆಗೆದು ಭೌತ ರಸಾಯನಶಾಸ್ತ್ರದ ಲೆಕ್ಕಗಳಿಗೆ ಸೇರಿಸುವುದು ಸರಿಯೇ, ಅಥವಾ ಅಷ್ಟು ಬೇಡವೇ ಎಂಬುದನ್ನು ನನ್ನ ಉತ್ತರಪತ್ರಿಕೆಯನ್ನು ನೋಡಿರುವ ತಾವು ಹೇಳಿದರೆ ಉಪಕಾರವಾಗುತ್ತದೆ.

ಎರಡನೆಯದು ಪುನರಾವರ್ತನೆಯ ವಿಚಾರ. ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲಿ ಬೇಗ ಮರೆಯುತ್ತದೆ, ನಂತರ ಮರೆವಿನ ವೇಗ ತಗ್ಗುತ್ತದೆ ಎಂದು ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದ ಮೇಲೆ, ಪ್ರತಿ ಅಧ್ಯಾಯವನ್ನು ಮರುದಿನ, ಒಂದು ವಾರದ ನಂತರ ಮತ್ತು ಮೂರು ವಾರಗಳ ನಂತರ ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಬರೆದು ನೋಡುವುದೆಂದು ಯೋಜಿಸಿದೆ. ಆದರೆ ಎಲ್ಲ ಅಧ್ಯಾಯಗಳಿಗೂ ಹೀಗೆ ಮಾಡಿದರೆ ಆರನೆಯ ವಾರದ ಹೊತ್ತಿಗೆ ಹಳೆಯದನ್ನು ಬರೆಯುವುದರಲ್ಲೇ ದಿನದ ಒಂದು ಗಂಟೆ ಮುಗಿಯುತ್ತದೆ. ಯಾವ ಅಧ್ಯಾಯಗಳಿಗೆ ಒಂದೇ ಪುನರಾವರ್ತನೆ ಸಾಕು ಎಂದು ತಾವು ಗುರುತು ಹಾಕಿಕೊಟ್ಟರೆ ಸಾಕು. ಉಳಿದದ್ದನ್ನು ನಾನೇ ಹೊಂದಿಸಿಕೊಳ್ಳುತ್ತೇನೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ಎರಡು ವಾರಗಳಿಗೆ ಬಿಟ್ಟಿದ್ದೇನೆ. ಪಠ್ಯ ಮುಗಿಯುವ ಮೊದಲು ಅವುಗಳನ್ನು ಮುಟ್ಟಿದರೆ ಧೈರ್ಯ ಕುಂದೀತು ಎಂಬ ಅಳುಕೇ ಇದಕ್ಕೆ ಕಾರಣ, ಬೇರೇನೂ ಇಲ್ಲ. ಮೂರನೆಯ ವಾರದಿಂದಲೇ ಮುಗಿದ ಭಾಗದ ಪ್ರಶ್ನೆಗಳನ್ನಷ್ಟೇ ಆರಿಸಿ ಬಿಡಿಸುವುದು ಒಳ್ಳೆಯದೆಂದು ತಮಗೆ ತೋರಿದರೆ ಹಾಗೆಯೇ ಬದಲಾಯಿಸುತ್ತೇನೆ. ಕಾಯಿಲೆಗೋ ಬೇರೆ ಕೆಲಸಕ್ಕೋ ಒಂದೆರಡು ದಿನ ತಪ್ಪಿಹೋದರೆ ಎಂದು ಭಾನುವಾರಗಳನ್ನು ಖಾಲಿ ಬಿಟ್ಟಿದ್ದೇನೆ.

ನಿರವಯವ ಭಾಗದ ಬಗ್ಗೆ ಸದ್ಯಕ್ಕೆ ಗೊಂದಲವಿಲ್ಲ.

ಮುಂದಿನ ಸೋಮವಾರದಿಂದ ಯೋಜನೆಯನ್ನು ಆರಂಭಿಸಬೇಕೆಂದಿದ್ದೇನೆ. ಅಷ್ಟರೊಳಗೆ ಗಂಟೆಗಳ ಹಂಚಿಕೆಯ ಬಗ್ಗೆ ಒಂದೆರಡು ಸಾಲು ಬರೆದರೂ ಸಾಕಾಗುತ್ತದೆ; ಉಳಿದ ಪ್ರಶ್ನೆಗಳಿಗೆ ತಮಗೆ ಅನುಕೂಲವಾದಾಗ ಉತ್ತರಿಸಬಹುದು. ಎದುರಿಗೆ ಕುಳಿತು ಮಾತನಾಡುವುದೇ ಸುಲಭವೆನಿಸಿದರೆ ಗುರುವಾರ ಪ್ರಯೋಗಾಲಯದ ತರಗತಿ ಮುಗಿದ ಮೇಲೆ, ತಾವು ಹೇಳಿದ ಸಮಯಕ್ಕೆ, ಕಿರುಪರೀಕ್ಷೆಯ ಉತ್ತರಪತ್ರಿಕೆಯೊಂದಿಗೆ ಬಂದು ಕಾಣುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿನಿ,
ಸುಮಾ
ದ್ವಿತೀಯ ವರ್ಷ, ರಸಾಯನಶಾಸ್ತ್ರ

ಲಗತ್ತು: ಅಧ್ಯಯನ ಯೋಜನೆಯ ಕರಡು (2 ಪುಟಗಳು)